ಒಂಟಿ ಹೆಣ್ಣಿನ ಮುಪ್ಪು ಮತ್ತು ಪೆನ್ಶನ್ ಲೆಕ್ಕ

ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತದ್ದನ್ನೂ, ಹರಿಹರದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿದ್ದನ್ನೂ ಕಂಡ ನಮ್ಮ ಓದುಗರಿಗೆ ಮುಪ್ಪಿನ ಭಯ ಹೊಸದಲ್ಲ. ಗಂಡಸಿಗೆ ಆಗ ಹೆಂಡತಿ ಮಕ್ಕಳಾದರೂ ಆಸರೆಯಾಗಿದ್ದರು. ಗಂಡನಿಲ್ಲದ, ಮಕ್ಕಳಿಲ್ಲದ, ತನ್ನ ದುಡಿಮೆಯನ್ನೇ ನಂಬಿದ ಹೆಣ್ಣುಮಗಳ ಲೆಕ್ಕವನ್ನು ಯಾರೂ ಹಾಕಿ ತೋರಿಸುವುದಿಲ್ಲ. ಅದನ್ನು ಇಲ್ಲಿ ಹಾಕಿ ನೋಡೋಣ.

ಮೂವತ್ತನೆಯ ವಯಸ್ಸಿಗೆ ಗಿರಣಿ ಸೇರಿದ ಒಬ್ಬಳನ್ನು ತೆಗೆದುಕೊಳ್ಳೋಣ. ಕೊನೆಯ ಐದು ವರ್ಷಗಳಲ್ಲಿ ಅವಳ ಸಂಬಳದ ಸರಾಸರಿ 14,000 ರೂಪಾಯಿ ಎಂದಿಟ್ಟುಕೊಳ್ಳಿ. 1995ರ ಪೆನ್ಶನ್ ಯೋಜನೆಯ ಸೂತ್ರ ಸರಳವಾಗಿದೆ: ಆ ಸರಾಸರಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 58 ತುಂಬುವಾಗ ಅವಳ ಸೇವೆ 28 ವರ್ಷ. ಇಪ್ಪತ್ತು ವರ್ಷ ದುಡಿದವರಿಗೆ ಇನ್ನೆರಡು ವರ್ಷ ಸೇರಿಸಿಕೊಡುವುದರಿಂದ 30 ವರ್ಷ. ತಿಂಗಳಿಗೆ 6,000 ರೂಪಾಯಿ ಬರುತ್ತದೆ.

ಈಗ ಅದೇ ಹೆಣ್ಣುಮಗಳು 39ನೆಯ ವಯಸ್ಸಿನಲ್ಲಿ ಗಿರಣಿ ಬದಲಿಸಿದಳೆನ್ನಿ. ಅಂಥ ಹೊತ್ತಿನಲ್ಲಿ "ಪಿ.ಎಫ್. ಬಿಡಿಸಿಕೊಂಡುಬಿಡು" ಎನ್ನುವವರು ಹತ್ತು ಮಂದಿ ಸಿಗುತ್ತಾರೆ. ಅವಳು 10-ಸಿ ಅರ್ಜಿ ಹಾಕಿ ಪೆನ್ಶನ್ ಹಣವನ್ನೂ ವಾಪಸು ಪಡೆದರೆ ಆ ಒಂಬತ್ತು ವರ್ಷದ ಸೇವೆ ಅಳಿಸಿಹೋಗುತ್ತದೆ. ಉಳಿಯುವುದು 19 ವರ್ಷ. ಎರಡು ವರ್ಷದ ಸೇರ್ಪಡೆಯೂ ತಪ್ಪುತ್ತದೆ. ಪೆನ್ಶನ್ 3,800ಕ್ಕೆ ಇಳಿಯುತ್ತದೆ. ಒಮ್ಮೆ ಕೈಗೆ ಬಂದ ಒಂದಿಷ್ಟು ಹಣಕ್ಕಾಗಿ ಸಾಯುವತನಕ ತಿಂಗಳಿಗೆ 2,200 ರೂಪಾಯಿ ಕೈಬಿಟ್ಟಂತಾಯಿತು. ಎರಡು ಕಡೆ ಹತ್ತು ಹತ್ತು ವರ್ಷ ತುಂಬದೆ ಹೀಗೆ ಬಿಡಿಸಿಕೊಂಡವಳಿಗೆ ಪೆನ್ಶನ್ನೇ ಇಲ್ಲ. ಆದ್ದರಿಂದ ಗಿರಣಿ ಬದಲಾದರೂ ಯು.ಎ.ಎನ್. ನಂಬರು ಒಂದೇ ಇರಲಿ. ಹಳೆಯ ಗಿರಣಿಯ ಸೇವೆ ಹೊಸದಕ್ಕೆ ವರ್ಗವಾಗಿದೆಯೇ ಎಂದು ಸೇವಾ ವಿವರದಲ್ಲಿ ನೋಡಿಕೊಳ್ಳಬೇಕು. ಬೇರೆ ಕೆಲಸ ಸಿಗದಿದ್ದರೆ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆಯಬೇಕು.

ಇನ್ನು ವಿಮೆ. ಜೀವವಿಮೆಯ ಹಣ ಬರುವುದು ಸತ್ತವಳಿಗಲ್ಲ, ಅವಳನ್ನು ನಂಬಿದವರಿಗೆ. ನಂಬಿದವರೇ ಇಲ್ಲದವಳು ಏಜೆಂಟರ ಮಾತಿಗೆ ದೊಡ್ಡ ಕಂತು ಕಟ್ಟುವುದು ವ್ಯರ್ಥ. ಪಿ.ಎಫ್. ಇದ್ದವಳಿಗೆ ಇ.ಡಿ.ಎಲ್.ಐ. ಎಂಬ ಜೀವವಿಮೆ ಕಂತಿಲ್ಲದೆಯೇ ಇದೆ. ಅವಳಿಗೆ ಬೇಕಾದದ್ದು ಕಾಯಿಲೆ ಬಿದ್ದಾಗಿನ ಆಸರೆ. 14,000 ಸಂಬಳಕ್ಕೆ ಇ.ಎಸ್.ಐ.ಗೆ ಅವಳ ಪಾಲು ತಿಂಗಳಿಗೆ 105 ರೂಪಾಯಿ. ಅದಕ್ಕೆ ಆಸ್ಪತ್ರೆಯ ಚಿಕಿತ್ಸೆಯೂ ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟೂ ಸಿಗುತ್ತದೆ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತಳಾದವಳು ವರ್ಷಕ್ಕೆ 120 ರೂಪಾಯಿ ಕಟ್ಟಿ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು; ಇದನ್ನು ತಿಳಿಯದೆ ಬಿಟ್ಟವರು ಬಹಳ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳಿಗೆ, ಸಣ್ಣ ಅಂಗಡಿ ಇಟ್ಟವಳಿಗೆ ಪಿ.ಎಫ್. ಇಲ್ಲ. ಅಂಥವರು ಆದಾಯ ತೆರಿಗೆ ಕಟ್ಟುವವರಲ್ಲದಿದ್ದರೆ ಅಟಲ್ ಪೆನ್ಶನ್ ಯೋಜನೆಗೆ ಸೇರಬಹುದು. 60ರ ನಂತರ ತಿಂಗಳಿಗೆ 5,000 ಬೇಕಾದರೆ, 30ರಲ್ಲಿ ಸೇರಿದವಳ ಕಂತು 577. 39ರಲ್ಲಿ ಸೇರಿದವಳದು 1,318. ನಲವತ್ತು ದಾಟಿದರೆ ಬಾಗಿಲು ಮುಚ್ಚಿತು.

ಮನೆಯ ವಿಷಯದಲ್ಲಿ ಕಾನೂನೇ ತೊಡಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಮಕ್ಕಳಿಲ್ಲದ ವಿಧವೆ ತಾನೇ ದುಡಿದು ಕಟ್ಟಿಸಿದ ಮನೆ ಅವಳ ಕಾಲಾನಂತರ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಾಯಿಯ ಸರದಿ ಅವರ ನಂತರ. ಮದುವೆಯಾಗದವಳ ಮನೆ ತಂದೆತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ. ಕೊನೆಗಾಲದಲ್ಲಿ ಗಂಜಿ ಕೊಟ್ಟ ನೆರೆಮನೆಯವಳಿಗೆ ಏನೂ ಇಲ್ಲ. ಇದನ್ನು ತಪ್ಪಿಸುವುದು ಒಂದು ಉಯಿಲು. ಬಿಳಿ ಹಾಳೆಯ ಮೇಲೆ ಬರೆದರೂ ನಡೆಯುತ್ತದೆ. ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು, ಅವರು ಆಸ್ತಿ ಪಡೆಯುವವರಾಗಿರಬಾರದು. ನೋಂದಣಿ ಕಡ್ಡಾಯವಲ್ಲ, ಆದರೆ ಮುಂದಿನ ತಕರಾರಿಗೆ ತಡೆ. ಹಾಗೆಯೇ ಪಿ.ಎಫ್.ನಲ್ಲೂ ಪೆನ್ಶನ್ನಿನಲ್ಲೂ ನಾಮಿನಿಯನ್ನು ಹೆಸರಿಸಬೇಕು. ಗಂಡ ಮಕ್ಕಳಿಲ್ಲದ ಸದಸ್ಯೆ ತೀರಿಕೊಂಡರೆ ಅವಳು ಹೆಸರಿಸಿದ ವ್ಯಕ್ತಿಗೆ ಮಾಸಾಶನ ಸಲ್ಲುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದವಳಿಗೂ ಸಿಗುವುದು 6,000. ಈ ಪೆನ್ಶನ್ನಿಗೆ ತುಟ್ಟಿಭತ್ಯವಿಲ್ಲ. ಅಕ್ಕಿಯ ಬೆಲೆ ಏರಿದರೂ ಅದು ಏರುವುದಿಲ್ಲ. ಕನಿಷ್ಠ ಪೆನ್ಶನ್ 1,000 ಎಂದು ಸರ್ಕಾರ ಗೊತ್ತುಮಾಡಿದ್ದು 2014ರಲ್ಲಿ. ಮುಂದಿನ ಹತ್ತು ವರ್ಷ ಅದು ಒಂದು ರೂಪಾಯಿಯೂ ಮೇಲೇಳಲಿಲ್ಲ. ಒಬ್ಬಳ ಜಾಣತನದಿಂದ ತುಂಬಲಾರದ ಕೊರತೆ ಇದು. ಪೆನ್ಶನ್ನನ್ನು ಬೆಲೆ ಸೂಚ್ಯಂಕಕ್ಕೆ ಗಂಟುಹಾಕಬೇಕೆಂಬ ಬೇಡಿಕೆಯನ್ನು ಸಂಘಗಳು ಮುಂದಿಡಬೇಕು. ಅದು ಈಡೇರುವತನಕ 10-ಸಿ ಅರ್ಜಿಗೆ ಸಹಿ ಹಾಕುವ ಮುನ್ನ ಪ್ರತಿಯೊಬ್ಬ ಹೆಣ್ಣುಮಗಳೂ ಸಂಘದ ಕಚೇರಿಗೆ ಬಂದು ಲೆಕ್ಕ ಹಾಕಿಸಲಿ.