ಸಿಎಸ್‌ಆರ್ ದಶಕ: ಕಂಪನಿಗಳ ವರದಿಯಲ್ಲಿ ನಮ್ಮ ಮೂರು ತಾಲ್ಲೂಕು

ಕಂಪನಿಗಳ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಂದು ಜಾರಿಗೆ ಬಂದು ಹತ್ತು ವರ್ಷ ದಾಟಿದೆ. ನಿವ್ವಳ ಆಸ್ತಿ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು ಎಂದು ಅದು ಹೇಳಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನರಿಗೆ ಇದರಿಂದ ಹುಟ್ಟುವ ಪ್ರಶ್ನೆ ಒಂದೇ: ನಮ್ಮೂರಿನಲ್ಲಿ ಯಾರು, ಯಾವುದಕ್ಕೆ, ಎಷ್ಟು ಖರ್ಚು ಮಾಡಿದರು? ವರದಿಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಬಂದರೂ ಈ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಾಗಿಲ್ಲ.

ಮೊದಲ ವರ್ಷಗಳಲ್ಲಿ ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧದಲ್ಲಿ ಯೋಜನೆಗಳ ಪಟ್ಟಿಯೇ ಇರುತ್ತಿತ್ತು. ಯೋಜನೆಯ ಹೆಸರು, ಕ್ಷೇತ್ರ, ರಾಜ್ಯ, ಜಿಲ್ಲೆ, ಮೊತ್ತ, ನೇರ ಖರ್ಚೋ ಸಂಸ್ಥೆಯ ಮೂಲಕವೋ ಎಂಬುದೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತಿತ್ತು. ಜಿಲ್ಲೆಯ ಕಾಲಂನಲ್ಲಿ ‘ಉಡುಪಿ’ ಎಂದು ಹುಡುಕಿದರೆ ಕನಿಷ್ಠ ಜಿಲ್ಲೆಯ ಪಾಲಾದರೂ ತಿಳಿಯುತ್ತಿತ್ತು. 2021ರ ಜನವರಿಯ ತಿದ್ದುಪಡಿ ಹಣದ ವಿಷಯದಲ್ಲಿ ಬಿಗಿ ತಂದಿತು. ಖರ್ಚಾಗದ ಹಣಕ್ಕೆ ಕಾರಣ ಕೊಟ್ಟು ಸುಮ್ಮನಾಗುವ ದಾರಿ ಮುಚ್ಚಿತು. ಚಾಲ್ತಿ ಯೋಜನೆಯ ಹಣವಾದರೆ ಪ್ರತ್ಯೇಕ ಖಾತೆಗೆ, ಅಲ್ಲವಾದರೆ ಸರ್ಕಾರಿ ನಿಧಿಗೆ ವರ್ಗಾಯಿಸಲೇಬೇಕಾಯಿತು. ಆದರೆ ಮಾಹಿತಿಯ ವಿಷಯದಲ್ಲಿ 2022ರ ಸೆಪ್ಟೆಂಬರ್‌ನ ತಿದ್ದುಪಡಿ ಹಿಂದಕ್ಕೆ ಹೆಜ್ಜೆ ಇಟ್ಟಿತು. ಅನುಬಂಧದ ನಮೂನೆಯನ್ನು ಸರಳಗೊಳಿಸುವಾಗ ಯೋಜನಾವಾರು ಪಟ್ಟಿ ಅದರಿಂದ ಹೊರಬಿತ್ತು. ಈಗ ಅಲ್ಲಿ ಎಲ್ಲ ಯೋಜನೆಗಳ ಒಟ್ಟು ಮೊತ್ತ ಬರೆದರೆ ಸಾಕು. ವಿವರ ಬೇಕಾದವರು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ಸಿಎಸ್‌ಆರ್-2 ನಮೂನೆಯನ್ನೋ csr.gov.in ತಾಣದ ಜಿಲ್ಲಾವಾರು ಅಂಕಿಗಳನ್ನೋ ನೋಡಬೇಕು. ಆ ತಾಣದಲ್ಲೂ ‘PAN India’ ಎಂಬ ತಲೆಬರಹದಡಿ ಸೇರಿದ ಹಣ ಯಾವ ಜಿಲ್ಲೆಗೆ ಬಂತು ಎಂದು ತಿಳಿಯುವುದಿಲ್ಲ.

ಅದೇ ತಿದ್ದುಪಡಿ ಮಾಡಿದ ನಮೂನೆಯ 8ನೇ ಅಂಶ ನಮ್ಮಂಥ ಓದುಗರಿಗೆ ಬಹಳ ಉಪಯೋಗದ್ದು. ಸಿಎಸ್‌ಆರ್ ಹಣದಿಂದ ಆಸ್ತಿ ಸೃಷ್ಟಿಯಾಗಿದ್ದರೆ ಅದರ ಪೂರ್ಣ ವಿಳಾಸ, ಪಿನ್‌ಕೋಡ್, ಅದು ಸೃಷ್ಟಿಯಾದ ದಿನಾಂಕ, ಖರ್ಚಾದ ಮೊತ್ತ ಮತ್ತು ಈಗ ಅದರ ನೋಂದಾಯಿತ ಮಾಲೀಕರು ಯಾರು ಎಂಬುದನ್ನು ಕಂಪನಿ ಬರೆಯಬೇಕು. ಕುಂದಾಪುರ 576201, ಬ್ರಹ್ಮಾವರ 576213, ಬೈಂದೂರು 576214. ಬ್ಯಾಂಕ್, ವಿಮಾ ಕಂಪನಿ, ತೈಲ ಕಂಪನಿ, ಯಾವುದರ ವರದಿಯಾದರೂ ಸರಿ, ಪಿಡಿಎಫ್ ತೆರೆದು ಈ ಸಂಖ್ಯೆಗಳನ್ನು ಹುಡುಕಬಹುದು. ಸರ್ಕಾರಿ ಶಾಲೆಯ ಕೊಠಡಿಯೋ ಆಸ್ಪತ್ರೆಯ ಉಪಕರಣವೋ ಸಿಕ್ಕರೆ ವಿಳಾಸ ಹಿಡಿದು ಹೋಗಿ ನೋಡಲೂಬಹುದು: ಅದು ಅಲ್ಲಿದೆಯೇ, ಬಳಕೆಯಲ್ಲಿದೆಯೇ, ಮಾಲೀಕರ ಕಾಲಂನಲ್ಲಿರುವ ಶಾಲೆಯ ದಾಸ್ತಾನು ಪುಸ್ತಕದಲ್ಲಿ ದಾಖಲಾಗಿದೆಯೇ?

ಈ ಹುಡುಕಾಟಕ್ಕೂ ಮಿತಿ ಇದೆ. ವಿದ್ಯಾರ್ಥಿವೇತನ, ಆರೋಗ್ಯ ಶಿಬಿರ, ತರಬೇತಿ ಇವು ಆಸ್ತಿಯಲ್ಲವಾದ್ದರಿಂದ ಪಟ್ಟಿಗೆ ಬರುವುದಿಲ್ಲ. ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದರೆ ಸಂಖ್ಯೆ ಹುಡುಕಿದರೂ ಸಿಗದು, ಕಣ್ಣಿನಿಂದಲೇ ಓದಬೇಕು. ಹಳ್ಳಿಗಳ ಅಂಚೆ ಕಚೇರಿಗಳಿಗೆ ಬೇರೆ ಪಿನ್‌ಕೋಡ್‌ಗಳಿರುವುದರಿಂದ ತಾಲ್ಲೂಕಿನ ಎಲ್ಲ ಸಂಖ್ಯೆಗಳನ್ನೂ ಕೈಯಲ್ಲಿಟ್ಟುಕೊಳ್ಳಬೇಕು. ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾಗಿದ್ದು 2018ರಲ್ಲಿ. ಹಾಗಾಗಿ ಹಳೆಯ ವರದಿಗಳಲ್ಲಿ ಬೈಂದೂರಿನ ಕೆಲಸ ಕುಂದಾಪುರದ ಹೆಸರಿನಲ್ಲಿ, ಬ್ರಹ್ಮಾವರದ್ದು ಉಡುಪಿಯ ಹೆಸರಿನಲ್ಲಿ ಇರಬಹುದು.

ಪರಿಸರದ ಅಂಕಿಗಳ ಕಥೆ ಇನ್ನೂ ಈಚಿನದು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಲಿಸ್ಟೆಡ್ ಕಂಪನಿಗಳು ‘ಬಿಆರ್‌ಎಸ್‌ಆರ್’ ಎಂಬ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದನ್ನು ಸೆಬಿ 2022–23ರಿಂದ ಕಡ್ಡಾಯ ಮಾಡಿತು. ಅದರ 6ನೇ ತತ್ವದಡಿ ಇಂಧನ, ನೀರು, ಹೊಗೆ, ತ್ಯಾಜ್ಯದ ಅಂಕಿಗಳು ಇರುತ್ತವೆ. ನಮ್ಮ ಮೂರು ತಾಲ್ಲೂಕುಗಳ ಗೋಡಂಬಿ, ಹೆಂಚು, ಮೀನು ಸಂಸ್ಕರಣೆಯ ಸಣ್ಣ ಘಟಕಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಕುಂದಾಪುರ ತಾಲ್ಲೂಕಿನ ಹೊಸಂಗಡಿಯ ವಾರಾಹಿ ವಿದ್ಯುದಾಗಾರವನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮ ರಾಜ್ಯ ಸರ್ಕಾರದ್ದು. ಅದರ ಷೇರು ಮಾರುಕಟ್ಟೆಯಲ್ಲಿಲ್ಲ, ಆದ್ದರಿಂದ ಈ ನಿಯಮ ಅದಕ್ಕೂ ಅನ್ವಯಿಸುವುದಿಲ್ಲ.

ಹಾಗಾಗಿ ಜಿಲ್ಲೆಯಲ್ಲಿ ಓದಲು ಸಿಗುವ ದೊಡ್ಡ ಉದಾಹರಣೆ ಕಾಪು ತಾಲ್ಲೂಕಿನ ಎಲ್ಲೂರಿನ 1200 ಮೆಗಾವಾಟ್ ಕಲ್ಲಿದ್ದಲು ಸ್ಥಾವರ. ಉಡುಪಿ ಪವರ್ ಕಾರ್ಪೊರೇಷನ್ ಬೇರೆ ಕಂಪನಿಯಾಗಿದ್ದಷ್ಟು ಕಾಲ ಅದರ ಲೆಕ್ಕವೂ ಬೇರೆಯೇ ಇತ್ತು. 2023ರ ಮಾರ್ಚ್‌ನಲ್ಲಿ ಅದು ಅದಾನಿ ಪವರ್‌ನಲ್ಲಿ ವಿಲೀನವಾಯಿತು. ಮುಂದ್ರಾ, ತಿರೋಡಾ, ಕವಾಯ್ ಸ್ಥಾವರಗಳ ಜತೆಗೆ ಎಲ್ಲೂರೂ ಈಗ ಒಂದೇ ಕಂಪನಿಯ ಲೆಕ್ಕದಲ್ಲಿದೆ. ಬಿಆರ್‌ಎಸ್‌ಆರ್ ನಮೂನೆ ಕೇಳುವುದು ಕಂಪನಿಯ ಒಟ್ಟು ಹೊಗೆ, ಒಟ್ಟು ನೀರು ಮಾತ್ರ. ಆ ಮೊತ್ತದಿಂದ ಉಡುಪಿಯ ಪಾಲನ್ನು ಬಿಡಿಸಿಕೊಳ್ಳಲಾಗದು.

ಇಂಥ ವರದಿಯಲ್ಲಿ ಎರಡು ಸಾಲುಗಳನ್ನು ಎಚ್ಚರದಿಂದ ಓದಬೇಕು. ಮೊದಲನೆಯದು ನೀರು. ಮೇಲ್ಮೈ ನೀರು, ಅಂತರ್ಜಲ, ಬೇರೆಯವರು ಪೂರೈಸಿದ ನೀರು, ಸಮುದ್ರದ ನೀರು ಎಂದು ಮೂಲವಾರು ಅಂಕಿಗಳಿರುತ್ತವೆ. ಕರಾವಳಿಯ ಸ್ಥಾವರ ಸಮುದ್ರದ ನೀರನ್ನು ಬಳಸಿದರೆ ಒಟ್ಟು ಮೊತ್ತ ಅದರಿಂದಲೇ ಹಿಗ್ಗುತ್ತದೆ. ಬಾವಿಗೆ ಉಪ್ಪುನೀರು ಏರುವ ಚಿಂತೆ ಇರುವ ನಮಗೆ ಒಟ್ಟು ಮೊತ್ತಕ್ಕಿಂತ ಅಂತರ್ಜಲದ ಸಾಲು ಮುಖ್ಯ.

ಎರಡನೆಯದು ‘ತೀವ್ರತೆ’, ಅಂದರೆ ಒಂದು ರೂಪಾಯಿ ವಹಿವಾಟಿಗೆ ಎಷ್ಟು ಹೊಗೆ ಎಂಬ ಲೆಕ್ಕ. ಒಂದು ಕಂಪನಿ 1000 ಕೋಟಿ ವಹಿವಾಟಿನಲ್ಲಿ 10 ಲಕ್ಷ ಟನ್ ಹೊಗೆ ಬಿಟ್ಟಿತು ಎಂದುಕೊಳ್ಳೋಣ. ಮರುವರ್ಷ ದರ ಏರಿ ವಹಿವಾಟು 1250 ಕೋಟಿಯಾಯಿತು, ಹೊಗೆ 11 ಲಕ್ಷ ಟನ್ ಆಯಿತು. ಹೊಗೆ ಶೇ 10ರಷ್ಟು ಹೆಚ್ಚಿದರೂ ತೀವ್ರತೆ ಶೇ 12ರಷ್ಟು ಇಳಿದಂತೆ ಕಾಣುತ್ತದೆ. ಇಳಿಕೆಯ ಶೀರ್ಷಿಕೆ ಕಂಡಾಗ ಒಟ್ಟು ಟನ್ ನೋಡಬೇಕು, ಜತೆಗೆ ಉತ್ಪಾದನೆಯ ಯೂನಿಟ್‌ಗೆ ಎಷ್ಟು ಎಂಬುದನ್ನೂ ನೋಡಬೇಕು. ಸೆಬಿ 2023ರಲ್ಲಿ ನಮೂನೆ ಬದಲಿಸಿದ ಮೇಲೆ ಈ ಅಂಕಿಯೂ ವರದಿಯಲ್ಲಿ ಸಿಗುತ್ತದೆ.

ಒಂದು ಸ್ಥಾವರದ್ದೇ ಅಂಕಿ ಬೇಕಿದ್ದರೆ ವಾರ್ಷಿಕ ವರದಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಪರಿಸರ ಅನುಮತಿ ಪಡೆದ ಪ್ರತಿ ಯೋಜನೆಯೂ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ಪಾಲನಾ ವರದಿ ಕೊಡಬೇಕು. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಫಾರಂ-5ರಲ್ಲಿ ಪರಿಸರ ಹೇಳಿಕೆ ಸಲ್ಲಿಸಬೇಕು. ಒಂದು ನಿರ್ದಿಷ್ಟ ಚಿಮಣಿಯ, ನಿರ್ದಿಷ್ಟ ಹಾರುಬೂದಿಯ ಲೆಕ್ಕ ಇರುವುದು ಅವುಗಳಲ್ಲಿ.

ದಶಕದ ಒಟ್ಟು ಫಲವನ್ನು ಹೀಗೆ ಹೇಳಬಹುದು: ಕಂಪನಿ ಎಷ್ಟು ಖರ್ಚು ಮಾಡಿತು ಎಂಬುದು ಮೊದಲಿಗಿಂತ ಸ್ಪಷ್ಟವಾಗಿದೆ, ಎಲ್ಲಿ ಮಾಡಿತು ಎಂಬುದು ಮೊದಲಿಗಿಂತ ಮಸುಕಾಗಿದೆ. ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಿಲ್ಲ. ಕೈಬಿಟ್ಟ ಯೋಜನಾವಾರು ಪಟ್ಟಿಯನ್ನು ಸಚಿವಾಲಯ ಅನುಬಂಧಕ್ಕೆ ಮರಳಿ ಸೇರಿಸಬೇಕು, ಜಿಲ್ಲೆಯ ಪಕ್ಕದಲ್ಲಿ ತಾಲ್ಲೂಕಿನ ಕಾಲಂ ಇಡಬೇಕು. ವಿಲೀನವಾದ ಸ್ಥಾವರಗಳ ಪರಿಸರ ಅಂಕಿಗಳನ್ನು ಪ್ರತ್ಯೇಕವಾಗಿ ಕೊಡಲು ಸೆಬಿ ಹೇಳಬೇಕು. ಅಲ್ಲಿಯವರೆಗೆ ಮೂರೂ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ಸಿಎಸ್‌ಆರ್ ಆಸ್ತಿಗಳ ವಹಿಯೊಂದನ್ನು ಇಟ್ಟು, ಅದನ್ನು ಕಂಪನಿಗಳ 8ನೇ ಅಂಶದ ಪಟ್ಟಿಯೊಂದಿಗೆ ವರ್ಷಕ್ಕೊಮ್ಮೆ ತಾಳೆ ನೋಡಿ ಗ್ರಾಮಸಭೆಯಲ್ಲಿ ಓದಿ ಹೇಳಲಿ.