ಎಣ್ಣೆ ಏರಿದರೂ ಎಣ್ಣೆ ಫಂಡ್ ಏಕೆ ಇಳಿಯುತ್ತದೆ?

ಸುದ್ದಗುಂಟೆಪಾಳ್ಯದಲ್ಲಿ ನಮ್ಮ ಮಾಮು ಆಟೋ ಓಡಿಸುತ್ತಾರೆ. ಆಪಾ ಮದುವೆಗೆಂದು ಸ್ವಲ್ಪ ಹಣ ಕೂಡಿಟ್ಟಿದ್ದಾರೆ. ಪರಿಚಯದವರೊಬ್ಬರು ಅವರಿಗೆ ವಿದೇಶದ ಒಂದು ಕಚ್ಚಾ ಎಣ್ಣೆ ಫಂಡಿನ ಬಗ್ಗೆ ಹೇಳಿದ್ದರು. ಮಾಮು ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ಕೇಳಿದರು: "ಬೇಟಾ, ನೀನು ಕಾಮರ್ಸ್ ಓದ್ತೀಯ. ತೇಲ್ ಬಢಾ ತೋ ಪೈಸಾ ಬಢ್ತಾ ನಾ?" ಎಣ್ಣೆ ಏರಿದರೆ ಹಣ ಏರುತ್ತದೆ ತಾನೇ ಎಂದು. ನಾನು ಹೌದು ಅನ್ನಲು ಹೊರಟಿದ್ದೆ. ಅನ್ನದೇ ಇದ್ದದ್ದು ಒಳ್ಳೆಯದಾಯಿತು.

ಅಂಥ ಫಂಡು ಎಣ್ಣೆಯನ್ನು ಕೊಂಡು ಇಟ್ಟುಕೊಳ್ಳುವುದಿಲ್ಲ. ಇಡಲು ಅದರ ಬಳಿ ಟ್ಯಾಂಕ್ ಇಲ್ಲ. ಅದು ಕೊಳ್ಳುವುದು ಫ್ಯೂಚರ್ಸ್ ಕರಾರು, ಅಂದರೆ ಮುಂದಿನ ತಿಂಗಳು ಇಷ್ಟು ಬೆಲೆಗೆ ಎಣ್ಣೆ ಎಂಬ ಒಪ್ಪಂದ. ಕರಾರಿನ ಅವಧಿ ಮುಗಿಯುವ ಮೊದಲು ಅದನ್ನು ಮಾರಿ, ಅದರ ಮುಂದಿನ ತಿಂಗಳ ಕರಾರು ಕೊಳ್ಳಬೇಕು. ಇಲ್ಲದಿದ್ದರೆ ಎಣ್ಣೆಯನ್ನೇ ತಂದು ಇಳಿಸಿಕೊಳ್ಳಬೇಕಾದೀತು. ಹೀಗೆ ತಿಂಗಳಿಂದ ತಿಂಗಳಿಗೆ ಸರಿಯುವುದಕ್ಕೆ ರೋಲ್ ಮಾಡುವುದು ಎನ್ನುತ್ತಾರೆ.

ಮುಂದಿನ ತಿಂಗಳ ಬೆಲೆ ಇವತ್ತಿನ ಬೆಲೆಗಿಂತ ಹೆಚ್ಚಿದ್ದರೆ ಅದು ಕಾಂಟ್ಯಾಂಗೊ. ಇದರಲ್ಲಿ ಮಾಯ ಏನೂ ಇಲ್ಲ. ಇವತ್ತು ಅಕ್ಕಿ ಮೂಟೆ ಕೊಂಡು ಮುಂದಿನ ತಿಂಗಳು ಕೊಡುತ್ತೇನೆ ಅನ್ನುವ ವ್ಯಾಪಾರಿ ಗೋಡೌನ್ ಬಾಡಿಗೆ, ವಿಮೆ, ಹಾಕಿದ ಬಂಡವಾಳದ ಬಡ್ಡಿ ಇವನ್ನೆಲ್ಲ ಬೆಲೆಗೆ ಸೇರಿಸುತ್ತಾನೆ. ಇದಕ್ಕೆ ವಿರುದ್ಧವಾದದ್ದು ಬ್ಯಾಕ್‌ವರ್ಡೇಶನ್. ನಾಳೆ ಶಾದಿ ಇರುವ ಮನೆಯವನಿಗೆ ಅಕ್ಕಿ ಇವತ್ತೇ ಬೇಕು, ಮುಂದಿನ ತಿಂಗಳ ಅಕ್ಕಿ ಅವನಿಗೆ ಉಪಯೋಗವಿಲ್ಲ. ಸರಕು ಕಡಿಮೆ ಇದ್ದಾಗ ಇಂಥವರು ಹೆಚ್ಚಾಗಿ, ಇವತ್ತಿನ ಬೆಲೆಯೇ ಮುಂದಿನದಕ್ಕಿಂತ ಮೇಲಕ್ಕೆ ಹೋಗುತ್ತದೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಗಮನಿಸುವ ಲಂಡನ್ ರೊಬಸ್ಟಾ ಕಾಫಿ ಮಾರುಕಟ್ಟೆ 2024ರಲ್ಲಿ ಹೀಗಿತ್ತು.

ಮಾಮುಗೆ ನಾನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ ಲೆಕ್ಕ ಇದು. ಅಂಕಿಗಳು ಉದಾಹರಣೆಗೆ ಮಾತ್ರ.

ಎಣ್ಣೆಯ ಇವತ್ತಿನ ಬೆಲೆ ಬ್ಯಾರೆಲ್‌ಗೆ ₹5,000. ಫಂಡಿನ ಬಳಿ 21 ಬ್ಯಾರೆಲ್‌ನ ಕರಾರು ಇದೆ, ಅದರ ಅವಧಿ ಮುಗಿಯುತ್ತಿದೆ. ಮಾರಿದಾಗ ₹1,05,000 ಬಂತು. ಮುಂದಿನ ತಿಂಗಳ ಬೆಲೆ ₹5,250. ಅದೇ ಹಣಕ್ಕೆ ಈಗ 20 ಬ್ಯಾರೆಲ್ ಸಿಗುತ್ತದೆ. ಇಲ್ಲಿ ಹಲವರು "ಒಂದು ಬ್ಯಾರೆಲ್ ನಷ್ಟವಾಯಿತು" ಅನ್ನುತ್ತಾರೆ. ಅದು ತಪ್ಪು. ರೋಲ್ ಮಾಡಿದ ಕ್ಷಣದಲ್ಲಿ ಒಂದು ರೂಪಾಯಿಯೂ ಹೋಗಿಲ್ಲ. ಮೊದಲೂ ₹1,05,000, ಆಮೇಲೂ ₹1,05,000.

ನಷ್ಟ ಆಗುವುದು ಮುಂದಿನ ಮೂವತ್ತು ದಿನಗಳಲ್ಲಿ. ಅವಧಿ ಮುಗಿಯುವ ದಿನ ಕರಾರಿನ ಬೆಲೆ ಆ ದಿನದ ಎಣ್ಣೆ ಬೆಲೆಯನ್ನು ಬಂದು ಸೇರಲೇಬೇಕು. ಎಣ್ಣೆ ₹5,000ದಲ್ಲೇ ನಿಂತಿದ್ದರೆ ₹5,250ರ ಕರಾರು ಜಾರಿ ₹5,000ಕ್ಕೆ ಬರುತ್ತದೆ. 20 ಬ್ಯಾರೆಲ್‌ಗೆ ಸಿಗುವುದು ₹1,00,000. ಬೆಲೆ ಅಲುಗಾಡದೆ ₹5,000 ಹೋಯಿತು. ಎಣ್ಣೆ ₹5,100ಕ್ಕೆ ಏರಿತು ಅನ್ನೋಣ. ಪತ್ರಿಕೆ "ಎಣ್ಣೆ ದುಬಾರಿ" ಎಂದು ಬರೆಯುತ್ತದೆ, ಫಂಡಿನಲ್ಲಿ ಮಾತ್ರ ₹1,02,000 ಉಳಿದಿರುತ್ತದೆ. ಅಸಲು ಉಳಿಯಬೇಕಾದರೂ ಎಣ್ಣೆ ₹5,250 ಮುಟ್ಟಬೇಕು. ಎಣ್ಣೆ ನಿಂತಲ್ಲೇ ನಿಂತು, ಇದೇ ಅಂತರ ಆರು ತಿಂಗಳು ಮುಂದುವರಿದರೆ ₹1,05,000 ಸುಮಾರು ₹78,000 ಆಗುತ್ತದೆ.

ಬ್ಯಾಕ್‌ವರ್ಡೇಶನ್‌ನಲ್ಲಿ ಇದೇ ಲೆಕ್ಕ ತಿರುಗುತ್ತದೆ. ಮುಂದಿನ ಕರಾರು ₹4,750ಕ್ಕೆ ಸಿಕ್ಕಿ, ಎಣ್ಣೆ ₹5,000ದಲ್ಲೇ ನಿಂತರೆ ಬ್ಯಾರೆಲ್‌ಗೆ ₹250 ಲಾಭ. ಆದರೆ ಎಣ್ಣೆ ನಿಲ್ಲಬೇಕು. ಕೊರತೆ ನೀಗಿ ಬೆಲೆ ₹4,750ಕ್ಕಿಂತ ಕೆಳಗಿಳಿದರೆ ಇಲ್ಲೂ ನಷ್ಟವೇ.

ಇದು ಬರೀ ನೋಟ್‌ಬುಕ್ಕಿನ ಮಾತಲ್ಲ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದ ಎಣ್ಣೆ ಖರ್ಚಾಗದೆ, ಅಮೆರಿಕದ ಕುಶಿಂಗ್ ಎಂಬಲ್ಲಿನ ಟ್ಯಾಂಕುಗಳು ತುಂಬುತ್ತಾ ಬಂದವು. ಇಡಲು ಜಾಗವೇ ದುಬಾರಿಯಾಗಿ ಕಾಂಟ್ಯಾಂಗೊ ವಿಪರೀತ ಹೆಚ್ಚಿತು. ಏಪ್ರಿಲ್ 20ರಂದು ಮೇ ತಿಂಗಳ ಕರಾರು ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರ್‌ಗೆ ಇಳಿಯಿತು. ಯುನೈಟೆಡ್ ಸ್ಟೇಟ್ಸ್ ಆಯಿಲ್ ಫಂಡ್ ಅಷ್ಟರಲ್ಲಿ ಮೇ ಕರಾರು ಮಾರಿ ಜೂನ್‌ಗೆ ಸರಿದಿತ್ತು. ಆದರೂ ತಪ್ಪಿಸಿಕೊಳ್ಳಲಿಲ್ಲ. ಮರುದಿನ ಜೂನ್ ಕರಾರು ಒಂದೇ ದಿನದಲ್ಲಿ 20.43 ಡಾಲರ್‌ನಿಂದ 11.57ಕ್ಕೆ ಬಿತ್ತು. ಆಮೇಲೆ ಫಂಡು ಹೆದರಿ ದೂರದ ತಿಂಗಳುಗಳ ಕರಾರುಗಳಿಗೆ ಹಣ ಹಂಚಿತು. ಹಾಗಾಗಿ ಹತ್ತಿರದ ಬೆಲೆ ಚೇತರಿಸಿಕೊಂಡಾಗ ಅದರ ಪೂರ್ತಿ ಲಾಭವೂ ಸಿಗಲಿಲ್ಲ. 2020ರ ಇಡೀ ವರ್ಷದಲ್ಲಿ ಎಣ್ಣೆ ಬೆಲೆ ಇಳಿದದ್ದು ಸುಮಾರು ಐದನೇ ಒಂದು ಭಾಗ. ಫಂಡು ಕಳೆದುಕೊಂಡದ್ದು ಸುಮಾರು ಮೂರನೇ ಎರಡು ಭಾಗ.

ಹಾಗಾದರೆ ಆಗ ಗೆದ್ದವರು ಯಾರು? ನಮ್ಮ ಕರ್ನಾಟಕದಲ್ಲೇ ಉತ್ತರವಿದೆ. ಮಂಗಳೂರಿನಲ್ಲೂ ಉಡುಪಿ ಜಿಲ್ಲೆಯ ಪಾದೂರಿನಲ್ಲೂ ಬಂಡೆ ಕೊರೆದು ಮಾಡಿದ ಸರ್ಕಾರದ ಕಚ್ಚಾ ಎಣ್ಣೆ ಸಂಗ್ರಹಾಗಾರಗಳಿವೆ. 2020ರ ಏಪ್ರಿಲ್, ಮೇ ತಿಂಗಳಲ್ಲಿ ಇವನ್ನೂ ವಿಶಾಖಪಟ್ಟಣದ ಸಂಗ್ರಹಾಗಾರವನ್ನೂ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ನ ಎಣ್ಣೆಯಿಂದ ತುಂಬಿಸಲಾಯಿತು. ₹5,000 ಕೋಟಿಗೂ ಹೆಚ್ಚು ಉಳಿತಾಯವಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಪಾದೂರಿಗೆ ಬಂಡೆಯೊಳಗೆ ಜಾಗವಿತ್ತು, ಅದು ಅಗ್ಗದ ಎಣ್ಣೆ ತಂದು ಇಟ್ಟುಕೊಂಡಿತು. ಫಂಡಿಗೆ ಜಾಗವಿರಲಿಲ್ಲ, ಅದು ಪ್ರತಿ ರೋಲ್‌ನಲ್ಲೂ ಬೇರೆಯವರ ಟ್ಯಾಂಕಿನ ಬಾಡಿಗೆ ಕಟ್ಟಿತು.

ಆದ್ದರಿಂದ ಇದನ್ನು ಮೋಸ ಎನ್ನುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಬಾಡಿಗೆ ನಿಜವಾದ ಖರ್ಚು, ಅದನ್ನು ಯಾರಾದರೂ ಕೊಡಲೇಬೇಕು. ಎಲ್ಲ ಫಂಡುಗಳಿಗೂ ಈ ತೊಂದರೆ ಇಲ್ಲ. ನಮ್ಮ ದೇಶದ ಚಿನ್ನದ ಇ.ಟಿ.ಎಫ್.ಗಳು ಮುಖ್ಯವಾಗಿ ಚಿನ್ನವನ್ನೇ ಕೊಂಡು ಇಡುತ್ತವೆ. ಚಿನ್ನ ಇಡಲು ಚಿಕ್ಕ ಜಾಗ ಸಾಕು, ಅದು ಕೆಡುವುದೂ ಇಲ್ಲ. ನನ್ನ ಆಕ್ಷೇಪ ಇರುವುದು ಹೆಸರಿನ ಮೇಲೆ. "ಎಣ್ಣೆ ಫಂಡ್" ಅಂದಾಗ ಮಾಮುವಿನಂಥವರಿಗೆ ಪೆಟ್ರೋಲ್ ಬಂಕಿನ ಬೋರ್ಡು ಕಣ್ಣಿಗೆ ಬರುತ್ತದೆ. ಇಂಥ ಫಂಡು ಮಾರುವವರು ಮೊದಲ ಪುಟದಲ್ಲೇ ಎರಡು ಗೆರೆ ಎಳೆದು ತೋರಿಸಬೇಕು: ಕಳೆದ ಐದು ವರ್ಷ ಎಣ್ಣೆ ಎಷ್ಟು ನಡೆಯಿತು, ಫಂಡು ಎಷ್ಟು ನಡೆಯಿತು. ಅಪಾಯದ ಮಾತನ್ನು ಒಳಪುಟದ ಸಣ್ಣ ಅಕ್ಷರದಲ್ಲಿ ಅಡಗಿಸಿದರೆ ಸಾಲದು.

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬಹುದು. ಎಕ್ಸ್‌ಚೇಂಜಿನ ಬೆಲೆಪಟ್ಟಿಯಲ್ಲಿ ಈ ತಿಂಗಳ ಮತ್ತು ಮುಂದಿನ ತಿಂಗಳ ಕರಾರಿನ ಬೆಲೆ ಅಕ್ಕಪಕ್ಕ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆಯಲು ಒಂದು ನಿಮಿಷ ಸಾಕು.

ಮಾಮು ನೋಟ್‌ಬುಕ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಅಂದ್ರೆ ಮೀಟರ್ ಓಡ್ತಾನೇ ಇರ್ತದೆ, ಗಾಡಿ ನಿಂತಿದ್ರೂ." ಕಾಂಟ್ಯಾಂಗೊಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.