ಲಾಂಛನದ ಮುಖ ದೃಶ್ಯಕ್ಕೊಂದು ಬಗೆಯಾಗಬಾರದು

ಅಮುಲ್ ಬೆಣ್ಣೆಯ ಜಾಹೀರಾತಿನ ಪುಟ್ಟ ಹುಡುಗಿ 1966ರಿಂದಲೂ ಗ್ರಾಹಕರಿಗೆ ಪರಿಚಿತಳು. ಜಾಹೀರಾತಿನ ವಿಷಯ ಪ್ರತಿ ಬಾರಿ ಬದಲಾದರೂ ಅವಳ ನೀಲಿ ಕೂದಲು, ಚುಕ್ಕೆಯ ಉಡುಪು, ತುಂಟ ಮಾತು ಬದಲಾಗಲಿಲ್ಲ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಜಾಹೀರಾತು ಚಿತ್ರ ತಯಾರಿಸಹೊರಟ ಸಣ್ಣ ಉದ್ದಿಮೆದಾರರಿಗೆ ಸುಲಭವಾಗಿ ಕೈತಪ್ಪುವುದು ಈ ಸ್ಥಿರತೆಯೇ.

ಇದರ ಕಾರಣ ಸರಳವಾಗಿದೆ. ತಂತ್ರಾಂಶವು ಸಾಮಾನ್ಯವಾಗಿ ಒಮ್ಮೆಗೆ ಕೆಲವೇ ಸೆಕೆಂಡುಗಳ ತುಣುಕನ್ನು ರಚಿಸುತ್ತದೆ. ಬರಹವನ್ನಷ್ಟೇ ಕೊಟ್ಟರೆ ಪ್ರತಿ ತುಣುಕಿನಲ್ಲಿಯೂ ಪಾತ್ರವನ್ನು ಹೊಸದಾಗಿ ಕಲ್ಪಿಸಿಕೊಳ್ಳುತ್ತದೆ. ಕಾಫಿಪುಡಿ ತಯಾರಕರೊಬ್ಬರ ಲಾಂಛನವು ಕೆಂಪು ಪೇಟ ಮತ್ತು ಮೂರು ಗುಂಡಿಗಳ ಹಸಿರು ಕೋಟು ತೊಟ್ಟ ಅಳಿಲು ಎಂದು ಭಾವಿಸಬಹುದು. ‘ಪೇಟ ಧರಿಸಿದ ಅಳಿಲು’ ಎಂದಷ್ಟೇ ಬರೆದು ಆರು ದೃಶ್ಯಗಳನ್ನು ಮಾಡಿಸಿದರೆ ಒಂದರಲ್ಲಿ ಮೈಸೂರು ಪೇಟ, ಇನ್ನೊಂದರಲ್ಲಿ ರಾಜಸ್ಥಾನದ ಪಗಡಿ, ಮತ್ತೊಂದರಲ್ಲಿ ನಾಲ್ಕು ಗುಂಡಿಗಳು ಬಂದರೆ ಆಶ್ಚರ್ಯವಿಲ್ಲ.

ಆದ್ದರಿಂದ ಹಣ ಮತ್ತು ಶ್ರಮವನ್ನು ಚಲನಚಿತ್ರಕ್ಕಿಂತ ಮೊದಲು ಸ್ಥಿರಚಿತ್ರದ ಮೇಲೆ ವ್ಯಯಿಸುವುದು ಲೇಸು. ಅಳಿಲಿನ ಮುಂಭಾಗ, ಪಾರ್ಶ್ವ ಮತ್ತು ಹಿಂಭಾಗಗಳನ್ನು ತೋರಿಸುವ ಮಾದರಿ ಹಾಳೆಯೊಂದನ್ನು ಚಿತ್ರಕಾರರಿಂದ ಬರೆಯಿಸಬೇಕು. ಹಿಂಭಾಗದ ಚಿತ್ರವಿಲ್ಲದಿದ್ದರೆ ಅಳಿಲು ತಿರುಗಿದೊಡನೆ ತಂತ್ರಾಂಶವು ತನಗೆ ತೋಚಿದ್ದನ್ನು ಸೇರಿಸುತ್ತದೆ. ಪ್ರತಿ ದೃಶ್ಯದ ಆರಂಭದ ಸ್ಥಿರಚಿತ್ರವನ್ನು ಈ ಹಾಳೆಯ ಆಧಾರದಿಂದಲೇ ರಚಿಸಿ, ತಿದ್ದಿ, ಒಪ್ಪಿದ ಬಳಿಕವೇ ಅದಕ್ಕೆ ಚಲನೆ ಕೊಡಿಸಬೇಕು. ಪಾತ್ರದ ವರ್ಣನೆ ಅಕ್ಷರಶಃ ಒಂದೇ ಆಗಿರಬೇಕು. ಸ್ಥಳ ಮತ್ತು ಕ್ರಿಯೆ ಮಾತ್ರ ಬದಲಾಗಬೇಕು. ಹಿಂದಿನ ತುಣುಕಿನ ಕೊನೆಯ ಚಿತ್ರದಿಂದ ಮುಂದಿನದನ್ನು ಆರಂಭಿಸುವುದು ಸುಲಭವೆನಿಸಿದರೂ, ಜೆರಾಕ್ಸ್ ಪ್ರತಿಯಿಂದ ಮತ್ತೆ ಜೆರಾಕ್ಸ್ ತೆಗೆದಂತೆ ಸಣ್ಣ ವಿಕಾರಗಳು ಬೆಳೆಯುತ್ತ ಹೋಗುತ್ತವೆ.

ರೂಪದಂತೆ ಸ್ವಭಾವಕ್ಕೂ ಬರಹದ ಆಧಾರ ಬೇಕು. ಅಳಿಲು ನಿಧಾನವಾಗಿ ಮಾತನಾಡುತ್ತದೆ, ಗ್ರಾಹಕರನ್ನು ಗೇಲಿ ಮಾಡುವುದಿಲ್ಲ, ಕುಣಿಯುವುದಿಲ್ಲ ಎಂಬಂತಹ ನಾಲ್ಕೈದು ನಿಯಮಗಳು ಸಾಕು. ‘ಸಂತೋಷಪಡುತ್ತದೆ’ ಎಂದು ಬರೆದರೆ ಅದು ಜಿಗಿದೀತು. ‘ಬಟ್ಟಲನ್ನು ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚುತ್ತದೆ’ ಎಂದರೆ ಸ್ವಭಾವ ಉಳಿಯುತ್ತದೆ. ಧ್ವನಿಯನ್ನು ಒಬ್ಬರೇ ಕಲಾವಿದರಿಂದ ಪ್ರತ್ಯೇಕವಾಗಿ ಮುದ್ರಿಸಿ ಸೇರಿಸುವುದು ಉತ್ತಮ.

ಪರೀಕ್ಷೆಯ ಕ್ರಮವೂ ಕಷ್ಟದ್ದಲ್ಲ. ಪ್ರತಿ ತುಣುಕಿನ ಆರಂಭ, ಮಧ್ಯ ಮತ್ತು ಅಂತ್ಯದ ಚಿತ್ರಗಳನ್ನು ಮಾದರಿ ಹಾಳೆಯ ಪಕ್ಕದಲ್ಲಿರಿಸಿ ಗುಂಡಿಗಳನ್ನು ಎಣಿಸಬೇಕು. ಪೇಟ, ಕಿವಿ, ಬಣ್ಣಗಳನ್ನು ಹೋಲಿಸಬೇಕು. ಪಾತ್ರವು ತಿರುಗುವಾಗ ಅಥವಾ ಮರೆಯಾಗಿ ಮತ್ತೆ ಬರುವಾಗ ವ್ಯತ್ಯಾಸ ನುಸುಳುವುದು ಹೆಚ್ಚು. ಇಷ್ಟಾದರೂ ಸಂಪೂರ್ಣ ಏಕರೂಪತೆ ದೊರೆಯಲಾರದು. ಸೂಕ್ಷ್ಮ ಕುಸುರಿಯಿಲ್ಲದ ವಿನ್ಯಾಸ ಮತ್ತು ಚಿಕ್ಕ ದೃಶ್ಯಗಳೇ ಇದಕ್ಕೆ ಪರಿಹಾರ.

ಲಾಂಛನವು ನೋಂದಾಯಿತ ಟ್ರೇಡ್ ಮಾರ್ಕ್ ಆಗಿದ್ದರೆ ಮಾದರಿ ಹಾಳೆಯು ನೋಂದಣಿಯ ಚಿತ್ರಕ್ಕೆ ಹೊಂದಿರುವುದು ಅಗತ್ಯ. 1999ರ ಕಾಯಿದೆಯು ಗುರುತನ್ನು ಗಣನೀಯವಾಗಿ ಕೆಡಿಸದ ಸಣ್ಣ ಮಾರ್ಪಾಡುಗಳನ್ನು ಸಹಿಸಬಲ್ಲದು. ಗುರುತೇ ಬೇರೆಯಾದರೆ, ನೋಂದಾಯಿತ ಚಿಹ್ನೆ ಬಳಕೆಯಲ್ಲಿದೆಯೆಂದು ಸಾಧಿಸುವುದು ಕಷ್ಟವಾದೀತು. ಆದಕಾರಣ ತುಣುಕುಗಳ ಒಪ್ಪಿಗೆಯ ಅಧಿಕಾರವನ್ನು ಜಾಹೀರಾತು ತಯಾರಕರಿಗೆ ಬಿಟ್ಟುಕೊಡದೆ, ಸಂಸ್ಥೆಯೊಳಗಿನ ಒಬ್ಬರೇ ವ್ಯಕ್ತಿಗೆ ವಹಿಸುವುದು ವಿವೇಕದ ಕ್ರಮ.